ಫಾಲ್ಸಿನ ಮೊರೆತ, ಗಿರಣಿಯ ಹತ್ತಿ

ಗಾಳಿಯಲ್ಲಿ ಶಬ್ದದ ವೇಗ ಎಷ್ಟು ಎಂಬ ಪ್ರಶ್ನೆಗೆ ಪಿಯುಸಿ ಭೌತಶಾಸ್ತ್ರ ಒಂದು ಸರಿಯಾದ ಸೂತ್ರವನ್ನೂ ಅದರ ಬೆನ್ನಿಗೆ ಒಂದು ತಪ್ಪು ಕಾರಣವನ್ನೂ ಕಲಿಸುತ್ತದೆ. ಸೂತ್ರ v = √(γRT/M). ಇಲ್ಲಿ T ಎಂದರೆ ಕೆಲ್ವಿನ್ನಿನಲ್ಲಿ ಗಾಳಿಯ ತಾಪ, M ಅದರ ಮೋಲಾರ್ ತೂಕ, R ಅನಿಲ ಸ್ಥಿರಾಂಕ, γ ಅಂದರೆ ಗ್ಯಾಮಾ ಎಂಬ ಅಡಿಯಾಬ್ಯಾಟಿಕ್ ಸೂಚ್ಯಂಕ. ಇದರಲ್ಲಿ ಗ್ಯಾಮಾ ಯಾಕೆ ಬಂತು ಎಂದು ಕೇಳಿದರೆ ಬರುವ ಉತ್ತರ ಹೀಗೆ: ಶಬ್ದ ಸಾಗುವಾಗ ಗಾಳಿ ಒತ್ತಿಕೊಳ್ಳುವುದೂ ಸಡಿಲವಾಗುವುದೂ ಎಷ್ಟು ಬೇಗ ಬೇಗ ನಡೆಯುತ್ತವೆಂದರೆ, ಒತ್ತಿದ ಕಡೆ ಹುಟ್ಟಿದ ಶಾಖಕ್ಕೆ ಹೊರಗೆ ಹರಿದುಹೋಗಲು ಸಮಯವೇ ಸಾಲುವುದಿಲ್ಲ. ಕೇಳಲು ಒಪ್ಪುವಂತಿರುವ ಈ ವಿವರಣೆ ಪರೀಕ್ಷೆಯಲ್ಲಿ ಅಂಕವನ್ನೂ ತರುತ್ತದೆ. ಆದರೆ ಇದನ್ನೇ ನಂಬಿ ಒಂದು ಹೆಜ್ಜೆ ಮುಂದೆ ಲೆಕ್ಕ ಹಾಕಿದರೆ ಉತ್ತರ ತಲೆಕೆಳಗಾಗುತ್ತದೆ. ಶಾಖವನ್ನು ಕಟ್ಟಿಹಾಕುವುದು ಮುಖ್ಯವಾಗಿ ದೂರ ಎಂಬುದು ನನ್ನ ವಾದ. ಇದಕ್ಕೆ ಬೇಕಾದ ಸಾಕ್ಷ್ಯಗಳೆರಡೂ ಗೋಕಾಕದಲ್ಲಿ ಅಕ್ಕಪಕ್ಕದಲ್ಲೇ ಇವೆ: ಘಟಪ್ರಭೆ ಸುಮಾರು 52 ಮೀಟರ್ ಆಳಕ್ಕೆ ಧುಮುಕುವ ಗೋಕಾಕ ಫಾಲ್ಸ್, ಮತ್ತು ಅದರ ದಂಡೆಯಲ್ಲೇ ಇರುವ ನೂಲಿನ ಗಿರಣಿಯ ಹತ್ತಿ.

ಮೊದಲು ಸೂತ್ರದ ಅರ್ಧಭಾಗವನ್ನು ನೋಡೋಣ. ಯಾವ ವಸ್ತುವಿನಲ್ಲೇ ಆಗಲಿ, ಒತ್ತಡದ ಅಲೆಯ ವೇಗದ ವರ್ಗ ಆ ವಸ್ತುವಿನ ಬಿಗುವನ್ನು ಸಾಂದ್ರತೆಯಿಂದ ಭಾಗಿಸಿದಷ್ಟು. ಬಿಗುವು ಎಂದರೆ ಒಂದಿಷ್ಟು ಪಾಲು ಹಿಂಡಿದರೆ ಒತ್ತಡ ಎಷ್ಟು ಏರುತ್ತದೆ ಎಂಬ ಅಳತೆ. ತಾಪ ಬದಲಾಗದಂತೆ ಗಾಳಿಯನ್ನು ನೂರಕ್ಕೆ ಒಂದು ಪಾಲು ಹಿಂಡಿದರೆ, ಬಾಯ್ಲ್ ನಿಯಮದ ಪ್ರಕಾರ ಒತ್ತಡವೂ ನೂರಕ್ಕೆ ಒಂದು ಪಾಲು ಏರುತ್ತದೆ. ಆದ್ದರಿಂದ ಬಿಗುವು ಎಂದರೆ ಒತ್ತಡವೇ, ವೇಗದ ವರ್ಗ P/ρ. ನ್ಯೂಟನ್ ನಿಂತದ್ದು ಇಲ್ಲಿ. ಆದರ್ಶ ಅನಿಲದ ನಿಯಮವನ್ನು ಇದಕ್ಕೆ ಸೇರಿಸಿದರೆ P/ρ ಎಂಬುದು RT/M ಆಗುತ್ತದೆ. ಒತ್ತಡ, ಸಾಂದ್ರತೆ ಎರಡೂ ಕಾಣೆಯಾಗಿ ತಾಪ ಮಾತ್ರ ಉಳಿಯುತ್ತದೆ. ಗೋಕಾಕ ಸಮುದ್ರಮಟ್ಟಕ್ಕಿಂತ ಐನೂರು ಮೀಟರಿಗೂ ಮೇಲಿದೆ. ಅಲ್ಲಿನ ಗಾಳಿಯ ಒತ್ತಡ ಕಾರವಾರದ ದಂಡೆಗಿಂತ ನೂರಕ್ಕೆ ಆರರಷ್ಟು ಕಡಿಮೆ. ಗಾಳಿ ತೆಳು, ಆದ್ದರಿಂದ ಶಬ್ದ ನಿಧಾನ ಎಂದು ಅನೇಕರು ಊಹಿಸುತ್ತಾರೆ. ಆದರೆ ಒತ್ತಡ ಇಳಿದಷ್ಟೇ ಪಾಲು ಸಾಂದ್ರತೆಯೂ ಇಳಿದಿರುತ್ತದೆ. ಬಿಗುವೂ ಕಡಿಮೆ, ಹೊರಬೇಕಾದ ಭಾರವೂ ಕಡಿಮೆ. ತಾಪ ಒಂದೇ ಇದ್ದರೆ ಕಾರವಾರದಲ್ಲೂ ಗೋಕಾಕದಲ್ಲೂ ಶಬ್ದದ ವೇಗ ಒಂದೇ. ಬೆಟ್ಟದ ಮೇಲೆ ಶಬ್ದ ನಿಧಾನವಾಗುವುದು ನಿಜವೇ, ಆದರೆ ಅದು ಅಲ್ಲಿ ಚಳಿ ಇರುವುದರಿಂದ. ಈ ಮಾತಿಗೆ ರಾತ್ರಿಯೇ ಸಾಕ್ಷಿ ಹೇಳುತ್ತದೆ. ಮೋಡವಿಲ್ಲದ, ಗಾಳಿ ಬೀಸದ ರಾತ್ರಿಯಲ್ಲಿ ನೆಲ ಬೇಗ ತಣ್ಣಗಾಗಿ, ನೆಲಕ್ಕೆ ತಾಗಿದ ಗಾಳಿ ಮೇಲಿನ ಗಾಳಿಗಿಂತ ತಂಪಾಗಿರುತ್ತದೆ. ಆಗ ಮೇಲೆ ಹೋಗುವ ಶಬ್ದ ತೆಳುವಾದ ಗಾಳಿಯಲ್ಲೂ ವೇಗವಾಗಿ ಸಾಗಿ, ಅಲೆಯ ತಲೆ ಮುಂದಕ್ಕೆ ಬಾಗಿ ಮತ್ತೆ ನೆಲದ ಕಡೆ ಇಳಿಯುತ್ತದೆ. ನೀರು ಬೀಳುವ ಮೊರೆತ ಹಗಲಿಗಿಂತ ಇರುಳಿನಲ್ಲಿ ಹೆಚ್ಚು ದೂರ ಕೇಳುವುದಕ್ಕೆ ಸುತ್ತಲಿನ ನಿಶ್ಶಬ್ದದ ಜೊತೆ ಇದೂ ಒಂದು ಕಾರಣ. ವೇಗವನ್ನು ನಿರ್ಧರಿಸುವುದು ತೆಳುವೋ ದಪ್ಪವೋ ಎಂಬುದಾಗಿದ್ದರೆ ಶಬ್ದ ಇರುಳಿನಲ್ಲಿ ಹೀಗೆ ಕೆಳಕ್ಕೆ ಬಾಗುತ್ತಿರಲಿಲ್ಲ.

ತಾಪದ ಪ್ರಭಾವ ಎಷ್ಟು ಎಂಬುದನ್ನು ಅಂಕಿಗಳಲ್ಲೇ ಹೇಳಬಹುದು. ಒಣಗಾಳಿಗೆ ಸೂತ್ರದ ಸ್ಥಿರಾಂಕಗಳನ್ನೆಲ್ಲ ಒಟ್ಟುಗೂಡಿಸಿದರೆ ವೇಗ ಸುಮಾರು 20.05√T. ಮಾಗಿಯ ಒಂದು ನಸುಕಿನಲ್ಲಿ ಗೋಕಾಕದ ಗಾಳಿ 14 ಡಿಗ್ರಿ ಸೆಲ್ಸಿಯಸ್ ಇದೆ ಎಂದುಕೊಳ್ಳೋಣ. ಅಂದರೆ 287 ಕೆಲ್ವಿನ್, ವೇಗ ಸೆಕೆಂಡಿಗೆ ಸುಮಾರು 340 ಮೀಟರ್. ಏಪ್ರಿಲ್ ಮಧ್ಯಾಹ್ನ 39 ಡಿಗ್ರಿಯಾದರೆ ಅದು 354 ಮೀಟರ್. ಜನ ಅನುಭವಿಸುವ ಇಡೀ ಚಳಿ-ಸೆಕೆಯ ಅಂತರಕ್ಕೆ ಸಿಕ್ಕ ಬದಲಾವಣೆ ನೂರಕ್ಕೆ ನಾಲ್ಕು ಪಾಲು ಮಾತ್ರ. ಫಾಲ್ಸಿನ ಮೇಲಿನ ತೂಗುಸೇತುವೆ ಸುಮಾರು 201 ಮೀಟರ್ ಉದ್ದ. ಅದರ ಒಂದು ತುದಿಯ ಚಪ್ಪಾಳೆ ಇನ್ನೊಂದು ತುದಿ ಮುಟ್ಟಲು ಚಳಿಯಲ್ಲಿ 0.59 ಸೆಕೆಂಡು, ಬಿಸಿಲಿನಲ್ಲಿ 0.57 ಸೆಕೆಂಡು. ಈ ಅಂತರ ಕಿವಿಗೆ ಸಿಗುವಂಥದ್ದಲ್ಲ. ಹಾಗಾಗಿಯೇ ಮೂಡಲಗಿಯ ಬಯಲಲ್ಲಿ ಮಿಂಚು ಕಂಡು ಗುಡುಗು ಕೇಳುವವರೆಗೆ ಎಣಿಸುವವರು ತಾಪವನ್ನು ಲೆಕ್ಕಕ್ಕೆ ತರಬೇಕಿಲ್ಲ. ಮೂರು ಸೆಕೆಂಡಿಗೊಂದು ಕಿಲೋಮೀಟರ್ ಎಂಬ ಲೆಕ್ಕ ಯಾವ ಋತುವಿಗೂ ಸಾಕು. ತಾಪದ ಗುರುತು ಹಿಡಿಯಬೇಕಾದರೆ ದೂರ ಕಿಲೋಮೀಟರುಗಳಲ್ಲಿರಬೇಕು. ಮದ್ರಾಸಿನಲ್ಲಿ 1820-21ರಲ್ಲಿ ಅಲ್ಲಿನ ವೀಕ್ಷಣಾಲಯದ ಜಾನ್ ಗೋಲ್ಡಿಂಗ್‌ಹ್ಯಾಮ್ ಮಾಡಿದ್ದು ಇದನ್ನೇ. ಸೇಂಟ್ ಜಾರ್ಜ್ ಕೋಟೆಯಲ್ಲೂ ಸೇಂಟ್ ಥಾಮಸ್ ಬೆಟ್ಟದಲ್ಲೂ ನಿತ್ಯ ಹಾರಿಸುತ್ತಿದ್ದ ತೋಪುಗಳ ಬೆಳಕು ಕಂಡ ಕ್ಷಣದಿಂದ ಸದ್ದು ಕೇಳಿದ ಕ್ಷಣದವರೆಗೆ ತಿಂಗಳುಗಟ್ಟಲೆ ಅಳೆದು, ಚಳಿಯ ತಿಂಗಳಿಗಿಂತ ಸೆಕೆಯ ತಿಂಗಳಲ್ಲಿ ಶಬ್ದ ಬೇಗ ಬರುತ್ತದೆ ಎಂದು ಅವರು ತೋರಿಸಿದರು.

ಇಂಥ ಅಳತೆಯನ್ನು ಕೆಡಿಸುವವು ಎರಡು. ಮೊದಲನೆಯದು ಬೀಸುಗಾಳಿ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದ ಅಗಲಕ್ಕೆ ಯಾರಾದರೂ ಇಂಥದೇ ಪ್ರಯೋಗ ಮಾಡಲು ಹೊರಟರೆ, ಮಳೆಗಾಲದ ಪಡುವಣ ಗಾಳಿ ಸೆಕೆಂಡಿಗೆ 5 ಮೀಟರ್ ಬೀಸಿದರೂ ಸಾಕು, ಅದು ಎಂಟು ಡಿಗ್ರಿ ಸೆಕೆ ಏರಿದಷ್ಟು ತಪ್ಪನ್ನು ಸೇರಿಸಿಬಿಡುತ್ತದೆ. ಇದಕ್ಕೆ ಪರಿಹಾರ ಹಳೆಯದೇ: ಎರಡೂ ದಂಡೆಗಳಿಂದ ಸದ್ದು ಮಾಡಿ, ಎರಡೂ ವೇಗಗಳ ಸರಾಸರಿ ತೆಗೆಯುವುದು. ಎರಡನೆಯದು ತೇವ, ಅದರ ವಿಷಯದಲ್ಲಿ ನಮ್ಮ ಅಂದಾಜು ಸಾಮಾನ್ಯವಾಗಿ ತಿರುಗುಮುರುಗಾಗಿರುತ್ತದೆ. ತೇವದ ಗಾಳಿ ಭಾರ ಎನಿಸುತ್ತದೆ. ನಿಜಕ್ಕೆ ನೀರಿನ ಆವಿಯ ಮೋಲಾರ್ ತೂಕ 18, ಒಣಗಾಳಿಯದು ಸುಮಾರು 29. ಆವಿ ಸೇರಿದಷ್ಟೂ ಗಾಳಿ ಹಗುರ. ಆವಿಯ ಗ್ಯಾಮಾ ಕೊಂಚ ಕಡಿಮೆ ಇರುವುದರಿಂದ ಲಾಭದ ಒಂದು ಸಣ್ಣ ಪಾಲು ಕಳೆದುಹೋಗುತ್ತದೆ. ಕೊನೆಗೆ 25 ಡಿಗ್ರಿಯಲ್ಲಿ ಗಾಳಿ ಪೂರ್ತಿ ತೇವಗೊಂಡರೂ ವೇಗ ಹೆಚ್ಚುವುದು ಸೆಕೆಂಡಿಗೆ 2 ಮೀಟರಿಗಿಂತ ಕಡಿಮೆ.

ಇನ್ನು ಗ್ಯಾಮಾ. ನ್ಯೂಟನ್ 1713ರಲ್ಲಿ ಹೊರಬಂದ ಪ್ರಿನ್ಸಿಪಿಯಾದ ಎರಡನೆಯ ಆವೃತ್ತಿಯಲ್ಲಿ ಕೊಟ್ಟ ವೇಗ ಸೆಕೆಂಡಿಗೆ 979 ಅಡಿ. ವಿಲಿಯಂ ಡರ್ಹ್ಯಾಮ್ ಇಂಗ್ಲೆಂಡಿನಲ್ಲಿ ತೋಪಿನ ಸದ್ದಿನಿಂದ ಅಳೆದದ್ದು 1142 ಅಡಿ. ಇಷ್ಟು ದೊಡ್ಡ ಕೊರತೆಯನ್ನು ತಾಪದ ಮೇಲೋ ಗಾಳಿಯ ಮೇಲೋ ಹೊರಿಸುವಂತಿರಲಿಲ್ಲ. ನ್ಯೂಟನ್ ಎರಡು ತೇಪೆ ಹಚ್ಚಿದರು. ಗಾಳಿಯ ಕಣಗಳು ಗಟ್ಟಿ, ಅವುಗಳ ದಪ್ಪವನ್ನು ಶಬ್ದ ಕ್ಷಣಮಾತ್ರದಲ್ಲಿ ದಾಟುತ್ತದೆ ಎಂಬುದೊಂದು. ಗಾಳಿಯಲ್ಲಿ ಸೇರಿರುವ ಆವಿ ಕಂಪನದಲ್ಲಿ ಪಾಲುಗೊಳ್ಳುವುದಿಲ್ಲ ಎಂಬುದಿನ್ನೊಂದು. ಎರಡನ್ನೂ ಸೇರಿಸಿದಾಗ ಉತ್ತರ ಕರಾರುವಾಕ್ಕಾಗಿ 1142ಕ್ಕೇ ಬಂದು ನಿಂತಿತು! ಅಳತೆಗೆ ತಕ್ಕ ಹಾಗೆ ಹೊಲಿದ ಅಂಗಿ ಇದು ಎಂಬುದು ಎರಡು ಶತಮಾನದಿಂದ ಓದುವವರಿಗೆಲ್ಲ ಗೊತ್ತಿದೆ. ನಿಜವಾದ ಕಾರಣ ಹೇಳಿದವರು ಫ್ರಾನ್ಸಿನ ಲಾಪ್ಲಾಸ್. ಹಿಂಡಿದ ಗಾಳಿ ಬಿಸಿಯಾಗುತ್ತದೆ, ಬಿಸಿಯಾದ ಗಾಳಿ ಇನ್ನಷ್ಟು ಒತ್ತುತ್ತದೆ, ಆದ್ದರಿಂದ ಗಾಳಿಯ ನಿಜವಾದ ಬಿಗುವು ಬಾಯ್ಲ್ ನಿಯಮ ಕೊಡುವುದಕ್ಕಿಂತ ಹೆಚ್ಚು ಎಂದರು. 1816ರ ಒಂದು ಪುಟ್ಟ ಟಿಪ್ಪಣಿಯಲ್ಲಿ, ನ್ಯೂಟನ್ನರ ವೇಗವನ್ನು ಗಾಳಿಯ ಎರಡು ವಿಶಿಷ್ಟೋಷ್ಣಗಳ ಅನುಪಾತದ ವರ್ಗಮೂಲದಿಂದ ಗುಣಿಸಬೇಕು ಎಂದು ಬರೆದರು. ಆ ಅನುಪಾತವೇ ಗ್ಯಾಮಾ.

ವಿಶಿಷ್ಟೋಷ್ಣಗಳ ಅನುಪಾತ ಎಂದೊಡನೆ ಓದುಗರ ಕಣ್ಣು ಮಬ್ಬಾಗುವುದುಂಟು. ಅದಿಲ್ಲದೆಯೂ ಗ್ಯಾಮಾವನ್ನು ಕಟ್ಟಬಹುದು, ಅದು ಹೆಚ್ಚು ಚೊಕ್ಕವೂ ಹೌದು. ಒಂದು ಪೆಟ್ಟಿಗೆಯಷ್ಟು ಗಾಳಿಯನ್ನು ಶಾಖ ಹೊರಹೋಗದಂತೆ ನೂರಕ್ಕೆ ಒಂದು ಪಾಲು ಹಿಂಡಿ. ಹಿಂಡಲು ನೀವು ಮಾಡಿದ ಕೆಲಸ ಒತ್ತಡ ಗುಣಿಸು ಗಾತ್ರ, ಅದರ ನೂರನೆಯ ಒಂದು ಪಾಲು. ಅದು ಎಲ್ಲಿಗೂ ಹೋಗಲಾರದೆ ಗಾಳಿಯ ಒಳಶಕ್ತಿಗೆ ಜಮೆಯಾಗುತ್ತದೆ. ಸಾರಜನಕ, ಆಮ್ಲಜನಕದ ಜೋಡಿ ಅಣುಗಳು ಮೂರು ದಿಕ್ಕಿನಲ್ಲಿ ಓಡಾಡುತ್ತವೆ, ಎರಡು ಬಗೆಯಲ್ಲಿ ತಿರುಗುತ್ತವೆ. ಒಟ್ಟು ಐದು ಬಗೆಯ ಚಲನೆಗೆ ಶಕ್ತಿ ಹಂಚಿಹೋಗುತ್ತದೆ. ಹೀಗಾಗಿ ಅವುಗಳ ಒಳಶಕ್ತಿ ಒತ್ತಡ ಗುಣಿಸು ಗಾತ್ರದ ಎರಡೂವರೆ ಪಟ್ಟು. ಆ ಎರಡೂವರೆ ಪಟ್ಟಿನ ಖಾತೆಗೆ ನೂರನೆಯ ಒಂದು ಪಾಲು ಜಮೆಯಾದರೆ ತಾಪ ಏರುವುದು ನೂರಕ್ಕೆ 0.4. ಒತ್ತಡ ಹಿಂಡಿದ್ದರಿಂದ ನೂರಕ್ಕೆ ಒಂದು, ಬಿಸಿಯಾದದ್ದರಿಂದ ನೂರಕ್ಕೆ 0.4, ಒಟ್ಟು ನೂರಕ್ಕೆ 1.4 ಏರುತ್ತದೆ. ಗಾಳಿಯ ಗ್ಯಾಮಾ 1.4. ಬೇಸಗೆಯ 39 ಡಿಗ್ರಿಯಲ್ಲೂ ಮಾಗಿಯ 14 ಡಿಗ್ರಿಯಲ್ಲೂ ಇದೇ ಬೆಲೆ. ಅಣುಗಳು ಒಳಗೊಳಗೇ ಕಂಪಿಸತೊಡಗುವಷ್ಟು ತಾಪ, ಅಂದರೆ ನೂರಾರು ಡಿಗ್ರಿ ಏರಿದ ಮೇಲಷ್ಟೇ ಅದು ಇಳಿಯುತ್ತ ಹೋಗುತ್ತದೆ. 25 ಡಿಗ್ರಿಯಲ್ಲಿ ನ್ಯೂಟನ್ನರ ಸೂತ್ರ ಸೆಕೆಂಡಿಗೆ 293 ಮೀಟರ್ ಕೊಟ್ಟರೆ, 1.4ರ ವರ್ಗಮೂಲ ಸೇರಿದಾಗ ಅದು 346 ಆಗುತ್ತದೆ. ಇದೂ ಇನ್ನೊಂದು ತೇಪೆ ಯಾಕಾಗಬಾರದು ಎಂದು ಕೇಳುವುದು ನ್ಯಾಯವೇ. ತೇಪೆಗೂ ಕಾರಣಕ್ಕೂ ಇರುವ ವ್ಯತ್ಯಾಸ ಹೊಸ ಜಾಗದಲ್ಲಿ ಕಾಣುತ್ತದೆ. ಆರ್ಗಾನ್ ಅನಿಲ 1894ರಲ್ಲಿ ಸಿಕ್ಕಾಗ ಅದು ಯಾವುದರ ಜೊತೆಗೂ ಸಂಯೋಗ ಹೊಂದದೆ ರಸಾಯನಶಾಸ್ತ್ರಜ್ಞರಿಗೆ ಕೈ ಕೊಟ್ಟಿತ್ತು. ರ‍್ಯಾಲೇ ಮತ್ತು ರ‍್ಯಾಮ್ಸೆ ಅದರಲ್ಲಿ ಶಬ್ದದ ವೇಗ ಅಳೆದು ಗ್ಯಾಮಾ ತೆಗೆದರು, ಬಂದದ್ದು 1.67ರ ಹತ್ತಿರ. ತಿರುಗಲಾರದ, ಬರೀ ಓಡಾಡಬಲ್ಲ ಒಂಟಿ ಪರಮಾಣುವಿಗೆ ಮೇಲಿನ ಲೆಕ್ಕ ಕೊಡುವ ಬೆಲೆ ಅದೇ, ಯಾಕೆಂದರೆ ಅಲ್ಲಿ ಖಾತೆ ಒಂದೂವರೆ ಪಟ್ಟಿನದು. ಆರ್ಗಾನ್ ಒಂಟಿ ಪರಮಾಣುಗಳ ಅನಿಲ ಎಂದು ಗೊತ್ತಾದದ್ದು ಶಬ್ದದಿಂದ.

ಇಲ್ಲಿ ಒಂದು ಒಳ್ಳೆಯ ಆಕ್ಷೇಪ ಏಳುತ್ತದೆ. ಶಬ್ದದಿಂದ ಗಾಳಿ ಬಿಸಿಯಾಗುವುದು ಎಷ್ಟು ಮಹಾ? ಮಳೆಗಾಲದಲ್ಲಿ ಫಾಲ್ಸು ತುಂಬಿ ಬೀಳುವಾಗ ಬುಡದ ಹತ್ತಿರ ಶಬ್ದ 100 ಡೆಸಿಬೆಲ್ ಇದೆ ಎಂದಿಟ್ಟುಕೊಳ್ಳೋಣ. ಮೊರೆತದ ಹೊರತು ಬೇರೇನೂ ಕೇಳದ ಸದ್ದು ಅದು. ಆಗಲೂ ಒತ್ತಡದ ಏರಿಳಿತ ಸುಮಾರು 2 ಪಾಸ್ಕಲ್, ಅಲ್ಲಿನ ಗಾಳಿಯ ಒಟ್ಟು ಒತ್ತಡವೋ 95 ಸಾವಿರ ಪಾಸ್ಕಲ್. ಇದರಿಂದ ತಾಪ ಏರಿಳಿಯುವುದು ಒಂದು ಡಿಗ್ರಿಯ ಸಾವಿರದ ಎರಡು ಪಾಲಿಗಿಂತಲೂ ಕಡಿಮೆ. ಪಿಸುಮಾತಿನಲ್ಲಂತೂ ಅದು ಇನ್ನೂ ಸಾವಿರಾರು ಪಟ್ಟು ಸಣ್ಣದು. ಇಷ್ಟು ಅತ್ಯಲ್ಪ ಬಿಸಿ ಶಬ್ದದ ವೇಗವನ್ನು ಸೆಕೆಂಡಿಗೆ 53 ಮೀಟರ್ ಹೆಚ್ಚಿಸುತ್ತದೆ ಎಂದರೆ ನಂಬುವುದು ಹೇಗೆ? ತಾಪ ಏರಿದರೆ ವೇಗ ಏರುತ್ತದೆ ಎಂಬ T ಮತ್ತು ಈ ಬಿಸಿ ಎರಡೂ ಒಂದೇ ಎಂದು ತಿಳಿಯುವುದರಿಂದ ಈ ಗೊಂದಲ ಹುಟ್ಟುತ್ತದೆ. ಡಿಗ್ರಿಯ ಸಾವಿರದ ಎರಡು ಪಾಲು T ಗೆ ಸೇರಿದ್ದರಿಂದ ವೇಗ ಹೆಚ್ಚಿದ್ದಲ್ಲ. ಹಾಗಾಗಿದ್ದರೆ ಹೆಚ್ಚಳ ಸೆಕೆಂಡಿಗೆ ಒಂದು ಮಿಲಿಮೀಟರಿನಷ್ಟಿರುತ್ತಿತ್ತು. ಇಲ್ಲಿ ಎಣಿಕೆಗೆ ಬರುವುದು ಅನುಪಾತ. ಆ 2 ಪಾಸ್ಕಲ್‌ಗಳಲ್ಲಿ 1.43 ಹಿಂಡಿದ್ದರಿಂದ ಬಂದದ್ದು, ಉಳಿದ 0.57 ಬಿಸಿಯಿಂದ ಬಂದದ್ದು. ಶಬ್ದ ಹತ್ತು ಸಾವಿರ ಪಟ್ಟು ಕ್ಷೀಣವಾದರೆ ಎರಡೂ ಹತ್ತು ಸಾವಿರ ಪಟ್ಟು ಕುಗ್ಗುತ್ತವೆ, ಅನುಪಾತ ಹಾಗೇ ಉಳಿಯುತ್ತದೆ. ಅಲೆಗೆ ತಿಳಿಯಬೇಕಾದ್ದು ಇಷ್ಟು ಹಿಂಡಿದರೆ ಎಷ್ಟು ತಿರುಗಿ ಒತ್ತುತ್ತದೆ ಎಂಬುದೊಂದೇ. ಹಾಗಾಗಿಯೇ ಪಿಸುಮಾತೂ ಫಾಲ್ಸಿನ ಮೊರೆತವೂ ಒಂದೇ ವೇಗದಲ್ಲಿ ಸಾಗುತ್ತವೆ.

ಇಷ್ಟರ ಮಟ್ಟಿಗೆ ಪಠ್ಯಪುಸ್ತಕಕ್ಕೂ ನನಗೂ ಜಗಳವಿಲ್ಲ. ಆ ಬಿಸಿ ಯಾಕೆ ತಪ್ಪಿಸಿಕೊಳ್ಳುವುದಿಲ್ಲ ಎಂಬಲ್ಲಿ ಜಗಳ ಶುರುವಾಗುತ್ತದೆ. ಕಂಪನ ಬೇಗ ನಡೆಯುವುದರಿಂದ ಸಮಯ ಸಾಲದು ಎಂಬ ಕಾರಣ ನಿಜವಾದರೆ, ಕಂಪನ ನಿಧಾನವಾದಷ್ಟೂ ಶಾಖಕ್ಕೆ ಹೆಚ್ಚು ಬಿಡುವು ಸಿಗಬೇಕು. ಸೆಕೆಂಡಿಗೆ 100 ಸಲ ಕಂಪಿಸುವ ಗುಡುಗುಡು ಶಬ್ದಕ್ಕೆ ಸೆಕೆಂಡಿಗೆ 10,000 ಸಲ ಕಂಪಿಸುವ ಸೀತ್ಕಾರಕ್ಕಿಂತ ನೂರು ಪಟ್ಟು ಬಿಡುವಿದೆ. ಸಾಕಷ್ಟು ತಗ್ಗಿದ ಶಬ್ದದಲ್ಲಿ ಶಾಖ ಹರಿದುಹೋಗಿ ನ್ಯೂಟನ್ನರ 293 ಮೀಟರ್ ಮತ್ತೆ ನಿಜವಾಗಬೇಕು. ಆದರೆ ಈ ವಾದ ಒಂದನ್ನು ಮರೆತಿದೆ: ಕಂಪನ ನಿಧಾನವಾದಂತೆ ಅಲೆ ಉದ್ದವಾಗುತ್ತದೆ. ಶಾಖ ಒತ್ತಿದ ಜಾಗದಿಂದ ಸಡಿಲವಾದ ಜಾಗಕ್ಕೆ ಹರಿಯಬೇಕು, ಆ ದೂರ ಅರ್ಧ ಅಲೆಯುದ್ದ. 100 ಕಂಪನದ ಶಬ್ದಕ್ಕೆ ಅಲೆಯುದ್ದ ಸುಮಾರು ಮೂರೂವರೆ ಮೀಟರ್, 10,000ದ್ದಕ್ಕೆ ಮೂರೂವರೆ ಸೆಂಟಿಮೀಟರ್. ಶಾಖದ ಹರಿವು ಓಟವಲ್ಲ, ತಡವರಿಸುವ ಹರಡುವಿಕೆ. ದೂರ ಎರಡು ಪಟ್ಟಾದರೆ ಅದಕ್ಕೆ ಬೇಕಾದ ಸಮಯ ನಾಲ್ಕು ಪಟ್ಟಾಗುತ್ತದೆ. ಕಂಪನ ನೂರು ಪಟ್ಟು ನಿಧಾನವಾದರೆ ಶಾಖಕ್ಕೆ ಸಿಗುವ ಸಮಯ ನೂರು ಪಟ್ಟು, ಬೇಕಾಗುವ ಸಮಯ ಹತ್ತು ಸಾವಿರ ಪಟ್ಟು. ಗಾಳಿಯಲ್ಲಿ ಶಾಖ ಹರಡುವ ದರವನ್ನು ಹಾಕಿ ಎಣಿಸಿದರೆ, ಆ ತೀಕ್ಷ್ಣ ಸೀತ್ಕಾರದ ಶಾಖ ಸಮನಾಗಲು ಒಂದು ಸೆಕೆಂಡಿಗಿಂತ ಸ್ವಲ್ಪ ಹೆಚ್ಚು ಬೇಕು, ಫಾಲ್ಸಿನ ಗುಡುಗುಡು ಶಬ್ದಕ್ಕೆ ನಾಲ್ಕು ಗಂಟೆಯ ಹತ್ತಿರ ಬೇಕು. ಸೆಕೆಂಡಿಗೊಮ್ಮೆ ಮಾತ್ರ ಕಂಪಿಸುವ, ಕಿವಿಗೆ ಕೇಳಿಸದ ಅಲೆಗಾದರೆ ನಾಲ್ಕು ವರ್ಷಕ್ಕೂ ಹೆಚ್ಚು. ನಿಧಾನದ ಶಬ್ದವೇ ಹೆಚ್ಚು ಬಿಗಿಯಾಗಿ ಅಡಿಯಾಬ್ಯಾಟಿಕ್. ಪಠ್ಯದ ಕಾರಣ ತೋರಿಸುವ ದಿಕ್ಕೇ ತಪ್ಪು.

ಇದನ್ನು ಪರೀಕ್ಷಿಸಲು ಉಪಕರಣವೇ ಬೇಕಿಲ್ಲ. ಜಾತ್ರೆಯ ಮೆರವಣಿಗೆಯಲ್ಲಿ ಡೊಳ್ಳೂ ಸನಾದಿಯೂ ಒಟ್ಟಿಗೆ ನುಡಿಯುತ್ತವೆ. ಪಠ್ಯದ ಕಾರಣದಂತೆ ಡೊಳ್ಳಿನ ತಗ್ಗಿದ ಶಬ್ದ ಸೆಕೆಂಡಿಗೆ 293 ಮೀಟರಿನ ಕಡೆ ವಾಲಿ, ಸನಾದಿಯ ಏರುದನಿ 346 ಮೀಟರಿನಲ್ಲೇ ಸಾಗಿದರೆ, ಅರ್ಧ ಕಿಲೋಮೀಟರ್ ದೂರದಲ್ಲಿ ನಿಂತವರಿಗೆ ಡೊಳ್ಳು ಸನಾದಿಗಿಂತ ಕಾಲು ಸೆಕೆಂಡು ಹಿಂದೆ ಬೀಳಬೇಕು. ಆ ತಾಳದಲ್ಲಿ ಕಾಲು ಸೆಕೆಂಡು ಎಂದರೆ ಪೆಟ್ಟೇ ತಪ್ಪಿದಂತೆ, ಯಾರ ಕಿವಿಗೂ ತಪ್ಪುವಂಥದ್ದಲ್ಲ. ಹಾಗೆ ಎಲ್ಲೂ ಕೇಳುವುದಿಲ್ಲ. ದೂರದಲ್ಲಿ ಸದ್ದು ಸಣ್ಣಗಾಗುತ್ತದೆ, ತಾಳ ಕೆಡುವುದಿಲ್ಲ. ಪ್ಯಾರಿಸಿನ ನೀರಿನ ಕೊಳವೆಗಳಲ್ಲಿ, ಸುಮಾರು ಒಂದು ಕಿಲೋಮೀಟರ್ ಉದ್ದಕ್ಕೆ, ಒಂದು ತುದಿಯಲ್ಲಿ ಕೊಳಲು ನುಡಿಸಿ ಇನ್ನೊಂದು ತುದಿಯಲ್ಲಿ ಕೇಳಿಸಿಕೊಂಡ ಬಿಯೋ ಕೂಡ ರಾಗ ಕೆಡದೆ ಬಂದದ್ದನ್ನು ದಾಖಲಿಸಿದ್ದರು. ಬಿಯೋ ಲಾಪ್ಲಾಸರ ಶಿಷ್ಯರು. ಬಿಸಿಯ ಕಾರಣವನ್ನು 1802ರಷ್ಟು ಮೊದಲೇ ಗಣಿತದಲ್ಲಿ ಹಿಡಿಯಲು ಯತ್ನಿಸಿದವರೂ ಅವರೇ.

ಪಠ್ಯದ ಪರವಾಗಿ ಒಂದು ಮಾತನ್ನು ಒಪ್ಪಬೇಕು. ಅಲೆ ವೇಗವಾಗಿ ಸಾಗುತ್ತದೆ ಎಂಬುದು ಇಲ್ಲಿ ನೆರವಿಗೆ ಬರುವುದು ನಿಜ. ಒಂದು ಕಂಪನ ಮುಗಿಯುವಷ್ಟರಲ್ಲಿ ಅಲೆ ಹೆಚ್ಚು ದೂರ ಹೋದಷ್ಟೂ ಅಲೆಯುದ್ದ ಹೆಚ್ಚು, ಶಾಖಕ್ಕೆ ದಾರಿ ದೂರ. ಆದರೆ ಅಲೆ ಸಾಗುವ ವೇಗ ಬೇರೆ, ಕಂಪನದ ವೇಗ ಬೇರೆ. ಮೊದಲನೆಯದು ಶಾಖವನ್ನು ಕಟ್ಟಿಹಾಕಿದರೆ ಎರಡನೆಯದು ಬಿಡಿಸುತ್ತದೆ. ಬೇಗ ಎಂಬ ಒಂದೇ ಮಾತಿನಲ್ಲಿ ಎರಡನ್ನೂ ಹೇಳಿದ್ದೇ ಗೊಂದಲದ ಮೂಲ. ಕಂಪನವನ್ನು ಏರಿಸುತ್ತ ಹೋದರೆ ಕೊನೆಗೊಂದು ಕಡೆ ಶಾಖ ದಾಟಿಬಿಡುವುದಿಲ್ಲವೇ ಎಂದು ಕೇಳಬಹುದು. ದಾಟುತ್ತದೆ, ಆದರೆ ಅದು ಸೆಕೆಂಡಿಗೆ ನೂರು ಕೋಟಿ ಕಂಪನದ ಆಸುಪಾಸಿನಲ್ಲಿ. ಅಷ್ಟೊತ್ತಿಗೆ ಅಲೆಯುದ್ದ ಅಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವ ನಡುವಿನ ದೂರದ ಕೆಲವೇ ಪಟ್ಟಿಗೆ ಇಳಿದಿರುತ್ತದೆ. ಅಲ್ಲಿ ಗಾಳಿ ಒಂದು ಹರಿವಾಗಿ ವರ್ತಿಸುವುದೇ ನಿಲ್ಲುತ್ತದೆ, ಅಲೆ ಹುಟ್ಟಿದಲ್ಲೇ ಸಾಯುತ್ತದೆ. ಕೇಳಬಲ್ಲ ಶಬ್ದಗಳ ಪಾಲಿಗೆ ತೆರೆದ ಬಯಲಲ್ಲಿ ನ್ಯೂಟನ್ನರಿಗೆ ಜಾಗವೇ ಇಲ್ಲ.

ಜಾಗ ಇರುವುದು ಗಿರಣಿಯಲ್ಲಿ. ಹತ್ತಿಯ ಅಂಡಿಗೆಗಳನ್ನು ಬಿಚ್ಚಿ ಬ್ಲೋರೂಮಿನಲ್ಲಿ ಹಿಂಜಿದಾಗ ಎಳೆಗಳು ಬಿಡಿಬಿಡಿಯಾಗಿ ಉಬ್ಬುತ್ತವೆ. ಹಾಗೆ ಉಬ್ಬಿದ ಹತ್ತಿಯ ಗಾತ್ರದಲ್ಲಿ ನೂರಕ್ಕೆ ತೊಂಬತ್ತೆಂಟಕ್ಕಿಂತ ಹೆಚ್ಚು ಪಾಲು ಗಾಳಿಯೇ. ಆದರೆ ಒಂದು ಎಳೆಯಿಂದ ಇನ್ನೊಂದು ಎಳೆಗೆ ಇರುವ ಸಂದು ಒಂದು ಮಿಲಿಮೀಟರಿನ ಹತ್ತನೆಯ ಒಂದು ಪಾಲಿನಷ್ಟು. ಎಳೆಗಳ ಶಾಖ ಹಿಡಿಯುವ ಶಕ್ತಿ ತಮ್ಮ ನಡುವಿನ ಗಾಳಿಗಿಂತ ಎಷ್ಟೋ ಪಟ್ಟು. ಫಾಲ್ಸಿನ ಅದೇ ಗುಡುಗುಡು ಶಬ್ದ, ಸೆಕೆಂಡಿಗೆ 100 ಕಂಪನದ್ದು, ಈ ಹತ್ತಿಯೊಳಗೆ ನುಗ್ಗಿತು ಎನ್ನಿ. ಹಿಂಡಿದ ಗಾಳಿಯಲ್ಲಿ ಬಿಸಿ ಹುಟ್ಟುತ್ತದೆ. ಬಯಲಲ್ಲಾದರೆ ಅದು ಒಂದೂ ಮುಕ್ಕಾಲು ಮೀಟರ್ ದಾಟಬೇಕಿತ್ತು, ಇಲ್ಲಿ ಮಗ್ಗುಲಿನ ಎಳೆ ಮುಟ್ಟಿದರೆ ಸಾಕು. ಅದಕ್ಕೆ ಬೇಕಾದ ಸಮಯ ಸೆಕೆಂಡಿನ ಎರಡು ಸಾವಿರದ ಒಂದು ಪಾಲಿನಷ್ಟು. ಒಂದು ಕಂಪನಕ್ಕೆ ಇರುವುದು ಸೆಕೆಂಡಿನ ನೂರನೆಯ ಒಂದು ಪಾಲು. ಬಿಡುವು ಬೇಕಾದ್ದಕ್ಕಿಂತ ಇಪ್ಪತ್ತು ಪಟ್ಟು ಇದೆ. ಗಾಳಿ ಎಳೆಗಳ ತಾಪದಲ್ಲೇ ಉಳಿಯುತ್ತದೆ, ಬಿಗುವು 1.4 P ಯಿಂದ P ಗೆ ಇಳಿಯುತ್ತದೆ, ಗ್ಯಾಮಾ 1 ಆದಂತಾಗುತ್ತದೆ. ಗಮನಿಸಬೇಕಾದ್ದು ಇದು: ಫಾಲ್ಸಿನ ಬಯಲಲ್ಲೂ ಗಿರಣಿಯ ಹತ್ತಿಯಲ್ಲೂ ಕಂಪನ ಒಂದೇ, ಅದು ನಡೆಯುವ ಬೇಗವೂ ಒಂದೇ, ಶಾಖಕ್ಕೆ ಸಿಗುವ ಸಮಯವೂ ಒಂದೇ. ಒಂದು ಅಡಿಯಾಬ್ಯಾಟಿಕ್, ಇನ್ನೊಂದು ಐಸೋಥರ್ಮಲ್. ಬದಲಾದದ್ದು ಶಾಖ ದಾಟಬೇಕಾದ ದೂರ ಮಾತ್ರ. ಪಠ್ಯದ ಕಾರಣಕ್ಕೆ ಈ ಜೋಡಿಯನ್ನು ವಿವರಿಸುವ ದಾರಿಯಿಲ್ಲ.

ಹತ್ತಿಯೊಳಗೆ ಶಬ್ದದ ವೇಗ ಅಳೆದರೆ 293 ಮೀಟರ್ ಸಿಗುತ್ತದೆಯೇ ಎಂದರೆ, ಇಲ್ಲ. ಅದಕ್ಕಿಂತಲೂ ಕಡಿಮೆ ಸಿಗುತ್ತದೆ, ಅಲೆಯೂ ಬೇಗ ಅಡಗಿಹೋಗುತ್ತದೆ. ಎಳೆಗಳು ಶಾಖವನ್ನು ಹೀರುವುದರ ಜೊತೆಗೆ ಗಾಳಿಯ ಚಲನೆಯನ್ನೂ ಉಜ್ಜಿ ತಡೆಯುತ್ತವೆ, ಅಲೆ ತಮ್ಮನ್ನೂ ಅಲುಗಿಸಿಕೊಂಡು ಸಾಗುವಂತೆ ಮಾಡುತ್ತವೆ. ಹಾಗಾಗಿ ಗ್ಯಾಮಾ ಇಳಿದದ್ದನ್ನು ಬೇರ್ಪಡಿಸಿ ನೋಡಬೇಕಾದರೆ ಸಾಗುವ ಅಲೆ ಬಿಟ್ಟು ಮುಚ್ಚಿದ ಪೆಟ್ಟಿಗೆಯ ಬಿಗುವನ್ನು ನೋಡುವುದು ಮೇಲು. ಸ್ಪೀಕರ್ ಪೆಟ್ಟಿಗೆ ಕಟ್ಟುವವರು ಇದನ್ನು ಬಹಳ ಕಾಲದಿಂದ ಬಳಸಿಕೊಂಡಿದ್ದಾರೆ. ಪೆಟ್ಟಿಗೆಯೊಳಗೆ ಉಣ್ಣೆಯನ್ನೋ ಹತ್ತಿಯಂಥ ನಾರನ್ನೋ ಸಡಿಲವಾಗಿ ತುಂಬಿದರೆ ಒಳಗಿನ ಗಾಳಿ ಮೆತ್ತಗಾಗಿ, ಪೆಟ್ಟಿಗೆ ತನ್ನ ಅಳತೆಗಿಂತ ದೊಡ್ಡದಾದಂತೆ ನುಡಿಯುತ್ತದೆ, ತಗ್ಗಿದ ಸ್ವರಗಳು ಇನ್ನಷ್ಟು ತಗ್ಗಿಗೆ ಇಳಿಯುತ್ತವೆ. ಈ ಲಾಭಕ್ಕೆ ಸಿದ್ಧಾಂತ ಹಾಕುವ ಮೇಲ್ಮಿತಿ 1.4 ಪಟ್ಟು, ಅಂದರೆ ಗಾಳಿಯ ಗ್ಯಾಮಾವೇ. ನಿಜವಾದ ಪೆಟ್ಟಿಗೆಗಳಲ್ಲಿ ಅದಕ್ಕಿಂತ ಕಡಿಮೆಯೇ ಸಿಗುತ್ತದೆ. ತುಂಬಿದ್ದು ವಿರಳವಾದರೆ ಎಳೆಗಳ ನಡುವೆ ದೂರ ಹೆಚ್ಚಿ ಶಾಖ ದಾಟುವುದಿಲ್ಲ. ಗಿಡಿದು ತುಂಬಿದರೆ ನಾರೇ ಗಾಳಿಯ ಜಾಗ ತಿಂದು ಪೆಟ್ಟಿಗೆ ಚಿಕ್ಕದಾಗುತ್ತದೆ. ಸ್ವರ ಏರಿಸುತ್ತ ಹೋದರೂ ಲಾಭ ಕರಗುತ್ತದೆ: ಎಳೆಗಳ ನಡುವಿನ ಸಂದು ಇಲ್ಲಿ ಬದಲಾಗದೆ ನಿಂತಿರುವುದರಿಂದ, ಕಂಪನ ಸಾವಿರಗಳಿಗೆ ಏರಿದಾಗ ಶಾಖಕ್ಕೆ ನಿಜವಾಗಿಯೂ ಸಮಯ ಸಾಲದೆ ಗ್ಯಾಮಾ ಮತ್ತೆ 1.4ರ ಕಡೆ ಏರುತ್ತದೆ. ಪಠ್ಯಪುಸ್ತಕದ ಆ ವಾಕ್ಯ ಅಕ್ಷರಶಃ ಸರಿಯಾಗುವುದು ಇಂಥ ನಾರಿನೊಳಗೆ, ಲಾಪ್ಲಾಸರು ಲೆಕ್ಕ ಹಾಕಿದ ತೆರೆದ ಗಾಳಿಯಲ್ಲಲ್ಲ.